ನಮ್ಮ ಮನೆಯವರಿಗೂ

ಸೋಬಾನೆ ಹಾಡುವವಳೆಂದು ಹಾಸನದಲ್ಲಿ ನನಗೊಂದು ಪ್ರಶಸ್ತಿ ಕೊಟ್ಟರು. ಫಲಕ ಗೋಡೆಯ ಮೇಲಿದೆ. ಅದನ್ನು ತೆಗೆದುಕೊಂಡ ದಿನ ಮೈಕಿನ ಮುಂದೆ ನಾನು ಆಡಿದ ಎರಡು ನಿಮಿಷದ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ನಾನು ಹಾಡುವ ಪದಗಳೆಲ್ಲ ನಮ್ಮಕ್ಕನವು. ಅವಳು ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಳು. ಆಮೇಲೆ ಅವಳನ್ನು ಯಾರೂ ಮದುವೆಯ ಚಪ್ಪರಕ್ಕೆ ಹಾಡಲು ಕರೆಯಲಿಲ್ಲ. ನಾನು ಬಾಗೂರಿನ ಕಡೆಯಿಂದ ಬಸ್ಸು ಹಿಡಿದು ನುಗ್ಗೇಹಳ್ಳಿಯ ಹತ್ತಿರ ಅವಳ ಊರಿಗೆ ಹೋಗುತ್ತಿದ್ದೆ. ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತ ಅವಳು ಒಂದೊಂದು ಸೊಲ್ಲು ಹೇಳಿಕೊಡುತ್ತಿದ್ದಳು, ನಾನು ತಪ್ಪಿದರೆ ಸಿಪ್ಪೆ ಎಸೆಯುತ್ತಿದ್ದಳು.

ಪ್ರಶಸ್ತಿಯ ಅರ್ಜಿಯಲ್ಲಿ 'ಯಾರಿಂದ ಕಲಿತಿರಿ' ಎಂದಿತ್ತು. ನಾನು 'ತಾಯಿಯಿಂದ' ಎಂದು ಬರೆಸಿದೆ. ತೀರಿಹೋಗಿದ್ದ ನಮ್ಮವ್ವನಿಗೆ ಒಂದು ಪದವೂ ಪೂರ್ತಿ ಬರುತ್ತಿರಲಿಲ್ಲ. 'ಅಕ್ಕನಿಂದ' ಎಂದು ಬರೆಸಿದರೆ, ಹಾಗಾದರೆ ಪ್ರಶಸ್ತಿಗೆ ಅವಳನ್ನೇ ಕರೆಯೋಣ ಎಂದುಬಿಟ್ಟಾರೆಂದು ನನಗೆ ಭಯವಿತ್ತು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಭಾಷಣ ಬರೆದುಕೊಡಿ ಎಂದು ಪಕ್ಕದ ಮನೆಯ ಟೀಚರನ್ನು ಕೇಳಿದೆ. ಹಾಡುವವರು, ಕರೆದವರು, ಊಟ ಹಾಕಿದವರು ಎಂದು ನಾನು ನಲವತ್ತು ಜನರನ್ನು ಹೇಳಿದ್ದೆ.

"ಎರಡ್ ನಿಮ್ಷದಲ್ಲಿ ನಲವತ್ ಜನ ಹಿಡಿಯಲ್ಲ ಕಣವ್ವ," ಎಂದರು ಅವರು. "ವೇದಿಕೆ ಮೇಲಿರೋರ ಹೆಸ್ರು ನೀವು ಹೇಳ್ಬೇಡಿ, ನಿರೂಪಕರು ಹೇಳಿರ್ತಾರೆ. ಒಂದೊಂದು ಗುಂಪಿಗೆ ಒಂದೊಂದು ಮಾತು. ಬಿಡಿಯಾಗಿ ಒಬ್ರನ್ನ ಮಾತ್ರ ನೆನೀರಿ. ಅವ್ರು ಏನ್ ಮಾಡಿದ್ರು ಅಂತಾನೂ ಹೇಳಿ. ಆಗ ಅದು ಬಾಯುಪಚಾರ ಅನ್ಸಲ್ಲ."

ಆ ಒಬ್ಬರು ಯಾರೆಂದು ಕೇಳಿದಾಗ ನನ್ನ ಬಾಯಲ್ಲಿ ಬಂದದ್ದು ಅಕ್ಕನ ಹೆಸರೇ. ಚೀಟಿಯಲ್ಲಿ ಐದು ಸಾಲಿದ್ದವು. ಆಯ್ಕೆ ಮಾಡಿದವರಿಗೆ ಒಂದು, ದನಿಗೂಡಿಸುವ ಹೆಂಗಸರಿಗೆ ಒಂದು, ಚಪ್ಪರಕ್ಕೆ ಕರೆದ ಮನೆಗಳಿಗೆ ಒಂದು. ನಾಲ್ಕನೆಯದು: 'ನಮ್ಮಕ್ಕನಿಗೆ. ತಾನು ಹಾಡಲಾಗದ ಪದಗಳನ್ನು ಹಿತ್ತಲಲ್ಲಿ ಕೂತು ನನಗೆ ಕಲಿಸಿದಳು.' ಕೊನೆಯದು ನಮಸ್ಕಾರ.

ಆ ಸಂತೋಷದಲ್ಲಿ ಅಕ್ಕನಿಗೆ ಫೋನು ಮಾಡಿ ಚೀಟಿ ಓದಿದೆ. "ನಿನ್ ವಿಸ್ಯ ಬಂದಾಗ ಎದ್ದು ಕೈ ಮುಗೀಬೇಕು," ಎಂದೆ.

"ಅಷ್ಟ್ ಜನದ್ ಮುಂದೆ ನಾನ್ ಎದ್ ನಿಂತ್ಕಂಡ್ರೆ ಓಡೋಗ್ಬುಡ್ತಾರೆ ಕಣೆ," ಎಂದು ನಕ್ಕಳು. ಆದರೂ ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದಳು. ಮೂರನೇ ಸಾಲಿನಲ್ಲಿ ನನ್ನ ಗಂಡನ ಪಕ್ಕ ಕೂತಿದ್ದಳು.

ನನ್ನನ್ನು ಕರೆಯುವ ಮೊದಲು ನಿರೂಪಕರು ಅರ್ಜಿಯಲ್ಲಿದ್ದುದನ್ನು ಓದಿದರು. "ತಾಯಿಯಿಂದ ಪದಗಳನ್ನು ಕಲಿತು..." ಜನ ಚಪ್ಪಾಳೆ ತಟ್ಟಿದರು. ಅದು ಅಕ್ಕನ ಕಿವಿಗೂ ಬಿದ್ದಿತ್ತು. ನಾನು ಮೈಕಿನ ಮುಂದೆ ನಿಂತೆ. ಮೂರು ಸಾಲು ಸರಿಯಾಗಿ ಹೇಳಿದೆ. ನಾಲ್ಕನೆಯದಕ್ಕೆ ಬಂದಾಗ ಅಕ್ಕ ಮಡಿಲಲ್ಲಿದ್ದ ಚೀಲವನ್ನು ಕೆಳಗಿಟ್ಟು ಸೆರಗು ಸರಿಮಾಡಿಕೊಂಡದ್ದು ಕಂಡಿತು. ಈ ಸಾಲು ಓದಿದರೆ ಅರ್ಜಿ ಸುಳ್ಳಾಗುತ್ತದೆ. ಆ ಒಂದೇ ಯೋಚನೆ ಬಂತು.

"ನಮ್ಮ ಮನೆಯವರಿಗೂ ನಮಸ್ಕಾರ," ಎಂದೆ.

ನಮ್ಮ ಕಡೆ ಹೆಂಗಸು 'ಮನೆಯವರು' ಎಂದಳೆಂದರೆ ಅದು ಗಂಡನೇ. ಮನೆಯವರೆಂದರೆ ಅಕ್ಕನೂ ಸೇರುತ್ತಾಳಲ್ಲವೇ ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಆ ಮಾತಿನ ಅರ್ಥ ಗೊತ್ತಿದ್ದೇ ಅದನ್ನು ಆಡಿದ್ದೆ. ನನ್ನ ಗಂಡ ಗಡಬಡಿಸಿ ಎದ್ದು ನಿಂತು ಎಲ್ಲ ಕಡೆಗೂ ಕೈ ಮುಗಿದರು. ನಾನು ಹಾಡಲು ಹೋದಾಗಲೆಲ್ಲ ಸಾರು ಆರಿಹೋಯಿತೆಂದು ಗೊಣಗಿದವರು ಅವರು. ಜನ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಆಮೇಲೆ ಬಗ್ಗಿ ಚೀಲವನ್ನು ಮತ್ತೆ ಮಡಿಲಿಗೆ ಎತ್ತಿಕೊಂಡಳು.

ಚನ್ನರಾಯಪಟ್ಟಣದವರೆಗೆ ಒಂದೇ ಬಸ್ಸಿನಲ್ಲಿ ಬಂದೆವು. ಶಾಲು ಚೆನ್ನಾಗಿದೆ ಎಂದಳು. ಅಷ್ಟೇ.

ಎರಡು ತಿಂಗಳ ನಂತರ ಹೊಳೆನರಸೀಪುರದ ಕಡೆ ಒಂದು ಮದುವೆ. ಹೆಣ್ಣನ್ನು ಹಸೆಗೆ ಕರೆಯುವ ಪದದ ಮಧ್ಯದ ಸೊಲ್ಲು ನನಗೆ ಮರೆತುಹೋಯಿತು. ಹಿಂದೆ ಹೀಗಾದಾಗಲೆಲ್ಲ ಅಕ್ಕನಿಗೆ ಫೋನು ಮಾಡುತ್ತಿದ್ದೆ, ಅವಳು ಒಲೆಯ ಮುಂದಿದ್ದರೂ ಹಾಡಿ ತೋರಿಸುತ್ತಿದ್ದಳು. ಅವತ್ತೂ ಚಪ್ಪರದ ಹಿಂದೆ ಹೋಗಿ ಮಾಡಿದೆ.

"ಅಕ್ಕ, ಹಸೆ ಪದ ಕಣೆ. 'ಬಾರೆ' ಆದ್ಮ್ಯಾಕೆ ಏನು?"



"ಅವ್ವ ಕಲ್ಸಿದ್ದಲ್ವಾ? ಅವ್ವ ಇಲ್ಲ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮನೆಯವ್ರನ್ನ ಕೇಳು."

ಒಳಗೆ ಹೆಣ್ಣು ಹಸೆಯ ಮುಂದೆ ನಿಂತಿದ್ದಳು. ನಾನು ಹೋಗಿ ಹಿಂದಿನ ಸೊಲ್ಲನ್ನೇ ಮತ್ತೊಮ್ಮೆ ಹಾಡಿದೆ. ಜೊತೆಯವರೂ ಅದನ್ನೇ ಹೇಳಿದರು. ಯಾರಿಗೂ ಗೊತ್ತಾಗಲಿಲ್ಲ.