ತಂಕಮಣಿ ಟೀಚರ್ ಮತ್ತು ಎಲ್ಲರ ಅಜ್ಜಿ

ಕೇರಳದ ಒಟ್ಟಪ್ಪಾಲದ ಕಡೆ ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆ ಗೆದ್ದವರಲ್ಲಿ ಅರ್ಧ ಜನ ತಂಕಮಣಿ ಟೀಚರ ಋಣದಲ್ಲಿದ್ದರು. ಯಾವ ಕವಿತೆಯೇ ಬರಲಿ, ರಸಗ್ರಹಣಕ್ಕೆ ಅವರದು ಒಂದೇ ಪುಟ: ಮೊದಲು ಆಶಯ, ಆಮೇಲೆ ಚಿತ್ರಗಳು, ಆಮೇಲೆ ಧಾಟಿ, ಕೊನೆಗೆ ಸ್ವಂತ ಅನಿಸಿಕೆ. ಸ್ವಂತ ಅನಿಸಿಕೆಯನ್ನು ಟೀಚರೇ ಬರೆಸುತ್ತಿದ್ದರು: "ಈ ಕವಿತೆ ಓದಿ ನನ್ನ ಅಜ್ಜಿ ನೆನಪಾದರು, ಕಣ್ಣು ತುಂಬಿತು." ಇಪ್ಪತ್ತೆರಡು ವರ್ಷ ಮಕ್ಕಳು ಅತ್ತದ್ದೇ ಅತ್ತದ್ದು. ಪುಟದ ಝೆರಾಕ್ಸ್ ಜಿಲ್ಲೆ ದಾಟಿ ಹೋಯಿತು.

ಆ ಏಪ್ರಿಲ್‌ನ ಮೌಲ್ಯಮಾಪನ ಶಿಬಿರದಲ್ಲಿ ಟೀಚರ ಮುಂದೆ ಬೇರೆ ಜಿಲ್ಲೆಯ ಉತ್ತರಪತ್ರಿಕೆಗಳ ಕಟ್ಟು ಬಂತು. ಬಿಚ್ಚಿದರೆ ತಮ್ಮದೇ ಸರಕು! ಒಬ್ಬ ಮಹಾಶಯ ನೋಟ್ಸಿನಲ್ಲಿ ಖಾಲಿ ಬಿಟ್ಟ ಜಾಗವನ್ನೂ ಬಾಯಿಪಾಠ ಮಾಡಿ "ಡ್ಯಾಶ್ ಎಂಬ ಕವಿ ಬರೆದ ಡ್ಯಾಶ್ ಎಂಬ ಕವಿತೆ" ಎಂದು ಬರೆದಿದ್ದ. ಟೀಚರಿಗೆ ನಾಚಿಕೆಯಾಯಿತು. ಆದರೂ ನಾಲ್ಕೂ ಅಂಶಗಳಿದ್ದವು. ಮಾದರಿ ಉತ್ತರದ ಪ್ರಕಾರ ಆರಕ್ಕೆ ಆರು.

ಮುಂದಿನ ಪತ್ರಿಕೆಯ ಹುಡುಗಿ ಆಶಯ, ಚಿತ್ರ, ಧಾಟಿ ಮೂರನ್ನೂ ಚೆನ್ನಾಗಿ ಬರೆದು, ಕೊನೆಗೆ ಹೀಗೆ ಸೇರಿಸಿದ್ದಳು: "ಕವಿಯ ಅಜ್ಜಿ ಮಡಿಲಲ್ಲಿ ಮಲಗಿಸಿಕೊಂಡರಂತೆ. ನನ್ನ ಅಜ್ಜಿ ನನ್ನನ್ನು ಕಪ್ಪಿ ಎಂದೇ ಕರೆದರು. ಈ ಕವಿತೆ ಓದಿ ನನಗೆ ಹೊಟ್ಟೆಕಿಚ್ಚಾಯಿತು."

ಟೀಚರ ಕೆಂಪು ಪೆನ್ನು ನಿಂತಿತು. ಈ ಸ್ವಂತ ಅನಿಸಿಕೆಯ ಒಂದು ಅಂಕ ಬಿಟ್ಟು ಒಟ್ಟು ಕೂಡಿ ನೋಡಿದರೆ ಎಂಬತ್ತಕ್ಕೆ ಎಪ್ಪತ್ತೊಂದು. ಇನ್ನೊಂದು ಬಂದರೆ ಎ ಪ್ಲಸ್. ಅವರು ಪತ್ರಿಕೆ ಹಿಡಿದು ಮುಖ್ಯ ಪರೀಕ್ಷಕ ವರ್ಗೀಸ್ ಸಾರ್ ಮೇಜಿಗೆ ಹೋದರು.

ಸಾರ್ ಟೀ ಜೊತೆ ಬಂದ ಪರಿಪ್ಪುವಡೆ, ಅಂದರೆ ಬೇಳೆವಡೆ, ಅಗಿಯುತ್ತಲೇ ಓದಿದರು. "ಇದೇನ್ ಟೀಚರೇ, ಕವಿತೆ ಇಷ್ಟ ಆಯ್ತು ಅಂತಾನೇ ಬರ್ದಿಲ್ಲ?"

"ಸ್ವಂತ ಅನಿಸಿಕೆ ಅಲ್ವಾ ಸಾರ್?"

"ಸ್ವಂತ ಅನಿಸಿಕೆ ಅಂದ್ರೆ ಎಲ್ಲಾರ್ದೂ ಒಂದೇ ಥರ ಇರ್ಬೇಕಪ್ಪ! ಇಲ್ದಿದ್ರೆ ಮಾರ್ಕ್ ಹಾಕೋದ್ ಹೆಂಗೆ?"

"ಇಷ್ಟು ದಿನ ಓದಿದ್ರಲ್ಲಿ ಇದೊಂದೇ ನಿಜ, ಸಾರ್. ಉಳಿದವ್ರ ಕಣ್ಣೀರೆಲ್ಲ ನಾನೇ ಬರೆಸಿದ್ದು," ಎಂದರು ಟೀಚರ್.

ವರ್ಗೀಸ್ ಸಾರ್ ವಡೆ ಕೆಳಗಿಟ್ಟು ಪೆನ್ನು ತೆಗೆದರು. "ಹಾಕ್ಕೊಳ್ಳಿ, ಮಾರಾಯ್ತಿ. ಟೀ ಆರೋಗುತ್ತೆ," ಎಂದು ಸಹಿ ಹಾಕಿಬಿಟ್ಟರು. ಕಾಣದ ಹುಡುಗಿಗೆ ಎ ಪ್ಲಸ್ ಬಂತು. ಟೀಚರಿಗೆ ಬಹಳ ವರ್ಷಗಳ ಮೇಲೆ ತಾವು ಮೇಷ್ಟರ ಕೆಲಸ ಮಾಡಿದೆವೆಂಬ ಸಂತೋಷವಾಯಿತು.

ಆ ಸಂತೋಷದಲ್ಲೇ ಜೂನ್‌ನಲ್ಲಿ ಹೊಸ ತರಗತಿಗೆ ಹೋದವರು ಹಳೇ ಪುಟ ಹರಿದು ಹಾಕಿದರು. ಶಿಬಿರದ ಹುಡುಗಿಯ ಕತೆ ಹೇಳಿದರು. ನಲವತ್ತು ಪೆನ್ನು ತಕ್ಷಣ ಮೇಲೆದ್ದವು.

"ಟೀಚರ್, ಸ್ವಲ್ಪ ನಿಧಾನ ಹೇಳಿ. 'ಕಪ್ಪಿ ಎಂದೇ ಕರೆದರು,' ಆಮೇಲೆ?"

ಟೀಚರ್ ಗಾಬರಿಯಿಂದ ಕೈ ಅಡ್ಡ ಹಿಡಿದರು. ಮೊದಲ ಬೆಂಚಿನ ಶಹನಾಸ್ ಮಾತ್ರ ಬರೆಯದೆ ಸಪ್ಪೆ ಮೋರೆ ಹಾಕಿ ಕೂತಿದ್ದಳು.

"ಯಾಕಮ್ಮಾ?"

"ನಮ್ಮಜ್ಜಿ ತುಂಬಾ ಒಳ್ಳೇವ್ರು ಟೀಚರ್," ಎಂದಳು ಅವಳು ಅಳುದನಿಯಲ್ಲಿ. "ನಂಗೆ ಒಂದ್ ಮಾರ್ಕ್ ಹೋಗುತ್ತಾ?"