ಮಾಯಮ್ಮ ಕೇಳಿದ ವಿಧಿವಾಕ್ಯ

ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಶಿವಪುರದ ಮರಿಸಿದ್ದಯ್ಯ ಮೇಷ್ಟ್ರು ಆಗಲೇ ಚೀಲ ಹೆಗಲಿಗೇರಿಸಿ ನಿಂತಿದ್ದರು. ದುಪ್ಪಟಿ, ಆಸ್ಪತ್ರೆಯ ಫೈಲು, ಅಳೆದು ತುಂಬಿದ ನೀರಿನ ಬಾಟಲಿ. ಎಲ್ಲ ಇದೆಯೇ ಎಂದು ಮೂರು ಸಲ ಮುಟ್ಟಿ ನೋಡಿಯಾಗಿತ್ತು. ಹೆಂಡತಿ ಮಾಯಮ್ಮನಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಸಬಾರದು, ಎಳನೀರಂತೂ ಕೂಡದು, ಅದರ ಪೊಟ್ಯಾಸಿಯಂ ಎದೆಬಡಿತವನ್ನೇ ನಿಲ್ಲಿಸೀತು ಎಂದಿದ್ದರು ಮಂಡ್ಯದ ಡಾಕ್ಟರು. ಮದ್ದೂರು ಸೀಮೆಯಲ್ಲಿ ಹುಟ್ಟಿ ಬೆಳೆದವಳಿಗೆ ಎಳನೀರು ಕೂಡದು ಎಂದರೆ!

ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಇವತ್ತು ಮಾಯಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ.

"ನಾನು ಬರಾಕಿಲ್ಲ ಕಣ್ರೀ. ಸಾಕಾಯ್ತು."

"ಹೋಗ್ದೆ ಇದ್ರೆ ಒಂದು ವಾರ ಅಷ್ಟೇ ಅಂತ ಡಾಕ್ಟ್ರು ಹೇಳಿಲ್ವಾ, ಮಾಯಿ?"

"ಯೋಳವ್ರೆ. ನನ್ನ ಕಿವಿ ಇನ್ನೂ ನೆಟ್ಟಗದೆ."

ಕಿವಿ ನೆಟ್ಟಗಿದ್ದದ್ದೇ ಮೇಷ್ಟ್ರಿಗೆ ಮುಳುವಾಯಿತು. ರೈತರ ಮನೆಯ ಹುಡುಗನಾಗಿ ಮೈಸೂರಿನ ಪಾಠಶಾಲೆ ಸೇರಿ, ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸೆಯನ್ನು ಹಟ ಹಿಡಿದು ಓದಿದವರು ಅವರು. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದ ಮೇಲೆ, ಎಂ.ಎ. ಓದುವ ರಮ್ಯಶ್ರೀಗೆ ಭಾನುವಾರ ಪಾಠ ಹೇಳುತ್ತಿದ್ದರು. ಅಡುಗೆಮನೆ ಹೊಸಿಲಲ್ಲಿ ಅವರೆಕಾಯಿ ಸುಲಿಯುತ್ತ ಮಾಯಮ್ಮನೂ ಎಲ್ಲ ಕೇಳಿಸಿಕೊಂಡಿದ್ದಳು.

"ವೇದದ ಜೀವ ವಿಧಿ" ಎನ್ನುತ್ತಿದ್ದರು ಮೇಷ್ಟ್ರು. "'ಸ್ವರ್ಗ ಬೇಕಾದವನು ಯಾಗ ಮಾಡಬೇಕು.' ಇದು ವಿಧಿ. ಕಣ್ಣಿಗೆ ಕಾಣದ್ದು, ಊಹೆಗೆ ಸಿಗದ್ದು, ಅದನ್ನ ಮಾಡು ಅನ್ನುತ್ತೆ. 'ವಾಯು ಎಲ್ಲರಿಗಿಂತ ವೇಗದ ದೇವತೆ.' ಇದು ಅರ್ಥವಾದ, ಬರೀ ಹೊಗಳಿಕೆ. ವಾಯುವಿಗೆ ಯಾಗ ಮಾಡು ಅನ್ನೋ ವಿಧಿಯ ಜೊತೆ ಸೇರಿದಾಗಲೇ ಅದಕ್ಕೆ ಬೆಲೆ. ವಿಧಿಯಿಲ್ಲದ ಹೊಗಳಿಕೆಯಿಂದ ಏನೂ ಆಗೋದಿಲ್ಲ."

"ಹಾಗಾದ್ರೆ ಫಲ ಕೊಡೋದು ದೇವರಲ್ವಾ ಸಾರ್?" ಎಂದಿದ್ದಳು ರಮ್ಯಶ್ರೀ.

"ಅಲ್ಲಮ್ಮ. ದೇವತೆಗೆ ಮೈಯಿಲ್ಲ, ಬಂದು ತಿನ್ನೋದಿಲ್ಲ, ವರ ಕೊಡೋದಿಲ್ಲ. ಕರ್ಮದಿಂದ ಅಪೂರ್ವ ಅನ್ನೋ ಕಾಣದ ಶಕ್ತಿ ಹುಟ್ಟುತ್ತೆ, ಕಾಲ ಬಂದಾಗ ಅದೇ ಫಲ ಕೊಡುತ್ತೆ. ಸೃಷ್ಟಿ ಮಾಡಿದವನೂ ಇಲ್ಲ. ಮೈಯಿಲ್ಲದವನು ಹೇಗೆ ಮಾಡಿಯಾನು? ಮೈಯಿತ್ತು ಅಂದ್ರೆ, ಆ ಮೈ ಮಾಡಿದವರು ಯಾರು? ಕರುಣೆಯಿಂದ ಮಾಡಿದ ಅಂದ್ರೆ, ಜೀವಿಗಳೇ ಇಲ್ಲದಾಗ ಕರುಣೆ ಯಾರ ಮೇಲೆ? ಲೋಕ ಯಾವಾಗಲೂ ಹೀಗೇ ಇತ್ತು."

ಹೇಳುವಾಗ ಎಷ್ಟು ಗರ್ವವಿತ್ತು! ಈಗ ಅದೇ ಮೇಷ್ಟ್ರು ಹೆಂಡತಿಯ ಹಾಸಿಗೆಯ ಪಕ್ಕ ನಿಂತಿದ್ದರು.

ಮಾಯಮ್ಮ ಗೋಡೆ ಕಡೆ ಮುಖ ಮಾಡಿದಳು. "ಒಂದು ಮಾತು ಯೋಳಿ. ಮೇಲೊಬ್ಬ ಕುಂತ್ಕಂಡು ನನ್ನ ಪಾಡು ನೋಡ್ತಾವ್ನೆ ಅಂತ ಯೋಳಿ. ಎದ್ದು ಬತ್ತೀನಿ."

ಮೇಷ್ಟ್ರು ಬದುಕಿನಲ್ಲಿ ಮೊದಲ ಸಲ ಆ ಮಾತಾಡಿದರು.

"ಇದಾನೆ ಮಾಯಿ. ನೋಡ್ತಿದಾನೆ."

ಆಕೆ ತಟ್ಟನೆ ಈ ಕಡೆ ತಿರುಗಿದಳು. ಊದಿದ ಮುಖದಲ್ಲಿ ಒಂದು ಗಳಿಗೆ ಬೆಳಕಾಡಿತು. "ಸರಿ. ಅದುಕ್ಕೆ ನಾನೇನು ಮಾಡ್ಬೇಕು?"

ಮೇಷ್ಟ್ರು ಹೆಗಲ ಚೀಲದ ಪಟ್ಟಿ ಸರಿಮಾಡಿಕೊಂಡರು.

"ನೋಡುದ್ರಾ, ವಿಧೀನೇ ಇಲ್ಲ! ಬರೀ ಅರ್ಥವಾದ. ಚಿಕ್ಕ ಮಗಿಗೆ ಯೋಳ್ದಂಗೆ ಯೋಳ್ತೀರಲ್ಲ. ಡಾಕ್ಟ್ರೇ ವಾಸಿ, ನೀರು ಕುಡೀಬ್ಯಾಡ ಅಂತನಾದ್ರೂ ಅಂತಾರೆ."

"ಈ ಡಯಾಲಿಸಿಸ್ಸನ್ನ ನಿತ್ಯಕರ್ಮ ಅಂದ್ಕೊ" ಎಂದು ತಡವರಿಸಿದರು. "ಬದುಕಿರೋವರೆಗೂ ಅಗ್ನಿಹೋತ್ರ ಮಾಡಬೇಕು ಅಂತಿದೆ. ಸ್ವರ್ಗ ಸಿಗಲಿ ಅಂತಲ್ಲ, ಮಾಡು ಅಂದಿರೋದಕ್ಕೇ ಮಾಡೋದು. ಕೈಲಾದಷ್ಟು ಮಾಡಿದ್ರೂ ಸಾಕು."

"ಅಂದೋರು ಯಾರು?"

"ಯಾರೂ ಅಲ್ಲ. ವೇದಕ್ಕೆ ಬರೆದವರೇ ಇಲ್ಲ."

"ಯೋಳೋರೂ ಇಲ್ಲ, ಕೇಳೋರೂ ಇಲ್ಲ." ಆಕೆ ನಕ್ಕಳು, ನಗು ಕೆಮ್ಮಾಯಿತು. "ಓಗ್ಲಿ ಬುಡಿ, ಆ 'ಮಾಡು' ಅನ್ನೋದು ನಮ್ಮಂತೋರಿಗೂ ಯೋಳದೆಯಾ?"

ಇದೊಂದನ್ನು ಆಕೆ ಕೇಳಬಾರದಿತ್ತು. ಅಧಿಕಾರದ ಅಧ್ಯಾಯ. ಯಾಗ ಯಾರು ಮಾಡಬಹುದು ಎಂಬ ವಿಚಾರ. ಹೆಂಗಸರಿಗೆ ಗಂಡನ ಜೊತೆಗೆ ಉಂಟು ಎಂದು ವಾದ ಮಾಡಿ ಒಪ್ಪಿದ ಶಾಸ್ತ್ರ, ಮೇಷ್ಟ್ರು ಹುಟ್ಟಿದ ನಾಲ್ಕನೆಯ ವರ್ಣಕ್ಕೆ ಇಲ್ಲ ಎಂದು ಬಾಗಿಲು ಹಾಕಿತ್ತು. ಪಾಠಶಾಲೆಯಲ್ಲಿ ಆ ಸೂತ್ರಗಳನ್ನು ಗಟ್ಟಿಯಾಗಿ ಓದಿದ ದಿನ ಗುರುಗಳು ತಲೆ ತಗ್ಗಿಸಿದ್ದರು. ಸಹಪಾಠಿಗಳು ಇವರನ್ನೇ ನೋಡಿದ್ದರು. ರಮ್ಯಶ್ರೀಗೂ ಆ ಭಾಗ ಅವರು ಹೇಳಿಕೊಟ್ಟಿರಲಿಲ್ಲ. ಓದಿ ಓದಿ ಮೇಷ್ಟ್ರು ಬೇಡುವುದಕ್ಕಿದ್ದ ದೇವರನ್ನು ಕಳೆದುಕೊಂಡರು; ಮಾಡುವುದಕ್ಕೆ ಯಾಗವೂ ಅವರದಾಗಲಿಲ್ಲ. ಇಡೀ ಆಯುಸ್ಸು ಬೇರೆಯವರ ಮನೆಯ ಕಾಗದ ಓದಿದಂತಾಯಿತು.

"ಇಲ್ಲ ಮಾಯಿ" ಎಂದರು. "ನಮಗಲ್ಲ."

ಮಾಯಮ್ಮ ಜಗಳವಾಡಲಿಲ್ಲ. ಗಂಡನ ಮಣಿಕಟ್ಟು ಹಿಡಿದುಕೊಂಡಳು, ಮಕ್ಕಳ ಜ್ವರ ನೋಡುವ ಹಾಗೆ. "ಪಾಪ, ಅಷ್ಟೆಲ್ಲ ಓದುದ್ರಿ."

ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು, ನಿಂತಿತು, ಹೋಯಿತು.

"ಮೇಷ್ಟ್ರೇ" ಎಂದಳು ಮೆಲ್ಲಗೆ. "ಒಂದು ಎಳನೀರು ತಂದ್ಕೊಡಿ. ತೆಳು ಗಂಜಿ ಇರೋದು ನೋಡಿ ತನ್ನಿ."

ಅದರಲ್ಲಿ ಹೊಗಳಿಕೆಯಿರಲಿಲ್ಲ, ಸಂದೇಹವಿರಲಿಲ್ಲ. ಹೇಳಿದವಳು ಕಣ್ಣೆದುರಿಗಿದ್ದಳು, ಮಾಡಬೇಕಾದವರು ಇವರೇ. ಫಲ ಏನೆಂದೂ ಗೊತ್ತಿತ್ತು.

ಮೇಷ್ಟ್ರು ಚೀಲ ಇಳಿಸಿ, ಚಪ್ಪಲಿ ಮೆಟ್ಟಿದರು.