ಅಳಿಸಿದ ಕಪ್ಪೆಹೃದಯದ ಗೆರೆ

ಅರವತ್ತರ ದಶಕದ ಮೆಡಿಕಲ್ ಕಾಲೇಜು. ಮಸಿ ಹಿಡಿಸಿದ ಕಾಗದ ಸುತ್ತಿದ, ತಿರುಗುವ ಡ್ರಮ್ಮಿನ ಮೇಲೆ ಕಪ್ಪೆಯ ಹೃದಯ ಬರೆದಿದ್ದ ಗೆರೆಯನ್ನು ಪಾವಗಡದ ನನ್ನ ಲ್ಯಾಬ್ ಪಾರ್ಟ್ನರ್ ಅಳಿಸಿಬಿಟ್ಟಿದ್ದ. ಸಂಜೆಯೊಳಗೆ ಅದನ್ನು ಒಪ್ಪಿಸದಿದ್ದರೆ ನನ್ನನ್ನು ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ಮಧುಗಿರಿಯವಳಾದ ನನ್ನನ್ನು ಊರ ಹೆಸರಿನಿಂದಲೇ ಕರೆದ: “ಏನಮ್ಮಾ ಮಧುಗಿರಿ, ಹೋದ ವಾರ ಬೇಗಬೇಗ ಶಾಕ್ ಕೊಟ್ರೆ ಕಾಲಿನ ಸ್ನಾಯು ಬಿಗ್ದೇ ನಿಂತಿತ್ತು. ಈ ಹೃದಯ ಹಂಗ್ ಬಿಗ್ದು ನಿಲ್ಲಲಿಲ್ಲ. ನಿನ್ ವೈರೇ ಸರಿಯಿಲ್ಲ, ಅಳಿಸ್ಬುಟ್ಟೆ!”

“ಲೇ ಮಂಕೇ, ಅದೇ ಕಣೋ ಸರಿಯಾದ ಆನ್ಸರ್! ನರದ್ದೂ ಕಾಲಿನ ಸ್ನಾಯುವಿನದೂ ಆಕ್ಷನ್ ಪೊಟೆನ್ಷಿಯಲ್, ಅಂದ್ರೆ ಆ ವಿದ್ಯುತ್ ಅಲೆ, ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತೆ. ಹೃದಯದ್ದು ಮೇಲೇರಿ ಪ್ಲಾಟೋದಲ್ಲೇ, ಆ ಎತ್ತರದಲ್ಲೇ, ಸುಮಾರು ಹೊತ್ತು ಕೂತಿರುತ್ತೆ. ಅದು ಇಳಿಯೋವರೆಗೂ ಇನ್ನೊಂದು ಶಾಕ್ ಹತ್ತಲ್ಲ. ಅದು ಮುಗಿಯೋಷ್ಟರಲ್ಲಿ ಹೃದಯ ಸಡಿಲ ಆಗ್ತಿರುತ್ತೆ, ರಕ್ತ ತುಂಬ್ಕೊಳ್ಳುತ್ತೆ. ಬಿಗ್ದೇ ನಿಂತಿದ್ರೆ ನೀನೂ ಇರ್ತಿರ್ಲಿಲ್ಲ!”

ಪುಣ್ಯಕ್ಕೆ ಕಪ್ಪೆಯ ಹೃದಯ ಇನ್ನೂ ಬಡಿಯುತ್ತಿತ್ತು. ಮತ್ತೆ ಗೆರೆ ತೆಗೆದೆ. ಗೆರೆ ಅಳಿಸದಂತೆ ಮೇಲೆ ಹಚ್ಚಿದ ವಾರ್ನಿಷ್ ಒಣಗುವ ತನಕ ಅವನನ್ನು ಹತ್ತಿರಕ್ಕೂ ಬಿಡಲಿಲ್ಲ.